ಸ್ಕೂಲ್ ಡೇ ನಿರೂಪಣೆ: ಎರಡು ಐಟಂ ನಡುವಿನ ಜೋಕ್ ಬರೆಯೋದು ಹೇಗೆ?

ಪ್ರಶ್ನೆ: ಸರ್, ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮುಂದಿನ ತಿಂಗಳು ನಮ್ಮ ಶಾಲಾ ವಾರ್ಷಿಕೋತ್ಸವ. ಸಭಾ ಕಾರ್ಯಕ್ರಮ ಮುಗಿದ ಮೇಲೆ ಏಳು ಸಾಂಸ್ಕೃತಿಕ ಐಟಂ ಇವೆ: ಪುಟ್ಟ ಮಕ್ಕಳ ತರಕಾರಿ ನೃತ್ಯ, ಕೋಲಾಟ, ಸಮೂಹ ಗಾಯನ, ಕಂಸಾಳೆ, ಕೆರೆ ಬಗ್ಗೆ ಒಂದು ಕಿರುನಾಟಕ, ಯೋಗ ಪಿರಮಿಡ್, ಕೊನೆಗೆ ದೇಶಭಕ್ತಿ ನೃತ್ಯ. ಎಂಟನೇ ತರಗತಿಯ ಒಬ್ಬ ಹುಡುಗ, ಏಳನೇ ತರಗತಿಯ ಒಬ್ಬಳು ಹುಡುಗಿ ನಿರೂಪಣೆ ಮಾಡುತ್ತಾರೆ. ಹೋದ ವರ್ಷ ಮೊಬೈಲಲ್ಲಿ ಸಿಕ್ಕ ಜೋಕುಗಳನ್ನೇ ಓದಿಸಿದೆವು. ಯಾರೂ ನಗಲಿಲ್ಲ, ನಡುನಡುವೆ ಸುಮ್ನೆ ನಿಂತಿದ್ದೂ ಆಯ್ತು. ಯಾರಿಗೂ ನೋವಾಗದ ಹಾಗೆ, ಆದರೆ ಜನ ನಗೋ ಹಾಗೆ ಸ್ಕ್ರಿಪ್ಟ್ ಬರೆಯೋದು ಹೇಗೆ?

ಉತ್ತರ: ಮೇಡಂ, ಜೋಕ್ ಹುಡುಕೋದನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಮೊದಲು ಒಂದು ವಾಚ್ ಹಿಡಿದು ರಿಹರ್ಸಲ್‌ಗೆ ಹೋಗಿ. ಒಂದು ಐಟಂ ಮುಗಿದು ಮಕ್ಕಳು ಇಳಿದ ಹೊತ್ತಿನಿಂದ, ಮುಂದಿನ ತಂಡ ತಮ್ಮ ಜಾಗದಲ್ಲಿ ನಿಂತು ಸಿದ್ಧವಾಗುವವರೆಗೆ ಎಷ್ಟು ಸೆಕೆಂಡ್ ಬೇಕು ಅಂತ ಬರೆದುಕೊಳ್ಳಿ. ನಿರೂಪಣೆಯ ಅಳತೆ ಅಲ್ಲೇ ಸಿಗುತ್ತದೆ. ನಿರೂಪಕರು ಮಾತಾಡುವಾಗ ಪರದೆಯ ಹಿಂದೆ ಯಾರೋ ಚಾಪೆ ಹಾಸುತ್ತಿರುತ್ತಾರೆ, ಇನ್ಯಾರೋ ಮೈಕ್ ಇಡುತ್ತಿರುತ್ತಾರೆ. ಮಾತು ಆ ಕೆಲಸದಷ್ಟೇ ಉದ್ದ ಇರಬೇಕು. ಹೋದ ವರ್ಷ ನಿಮ್ಮ ಮಕ್ಕಳು ಸುಮ್ಮನೆ ನಿಂತರು ಅಂದ್ರೆ ಜೋಕಿಗಿಂತ ಹಿಂದಿನ ಕೆಲಸ ಉದ್ದ ಇತ್ತು ಅಂತ ಅರ್ಥ.

ನೀವು ಹೇಳಿದ ಏಳು ಐಟಂಗಳನ್ನೇ ನೋಡೋಣ. ಪುಟ್ಟ ಮಕ್ಕಳು ಬರೋಕೆ, ಕೋಲಾಟದವರು ವೃತ್ತದಲ್ಲಿ ನಿಲ್ಲೋಕೆ ಅರ್ಧ ನಿಮಿಷ ಸಾಕು. ಸಮೂಹ ಗಾಯನಕ್ಕೆ ಹಾರ್ಮೋನಿಯಂ, ತಬಲಾ, ಎರಡು ಮೂರು ಮೈಕ್ ಬೇಕು, ಎರಡು ನಿಮಿಷ ಹಿಡಿಯುತ್ತದೆ. ನಾಟಕಕ್ಕೆ ಸೆಟ್ ಇದ್ದರೆ ಮೂರು ನಿಮಿಷವೂ ಆಗಬಹುದು. ಪಿರಮಿಡ್‌ಗೆ ಚಾಪೆ ಸರಿಯಾಗಿ ಹಾಸಬೇಕು, ಅದನ್ನು ಅವಸರ ಮಾಡಿಸಬಾರದು. ಅಂದರೆ ಏಳು ಕಡೆ ಏಳು ಒಂದೇ ಅಳತೆಯ ಜೋಕ್ ಹಾಕಿದರೆ ಎರಡು ಕಡೆ ಜಾಸ್ತಿ ಆಗುತ್ತದೆ, ಮೂರು ಕಡೆ ಸಾಲೋದಿಲ್ಲ. ಮಕ್ಕಳು ಮೈಕಿನಲ್ಲಿ ಹದವಾದ ವೇಗದಲ್ಲಿ ಮಾತಾಡಿದರೆ ಅರ್ಧ ನಿಮಿಷಕ್ಕೆ ಸುಮಾರು 40ರಿಂದ 50 ಪದ ಹಿಡಿಸುತ್ತವೆ. ನಿಮ್ಮ ಮಕ್ಕಳ ವೇಗ ಎಷ್ಟು ಅಂತ ಒಮ್ಮೆ ಓದಿಸಿ ನೋಡಿಕೊಳ್ಳಿ.

ಸಮಯದ ಬಗ್ಗೆ ನಾನು ಇಷ್ಟು ಪಟ್ಟು ಹಿಡಿಯೋಕೆ ಇನ್ನೊಂದು ಕಾರಣವಿದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸಭಾ ಕಾರ್ಯಕ್ರಮ ಹೇಗೂ ಎಳೆಯುತ್ತದೆ. ಕೊನೆಗೆ ಕತ್ತರಿ ಬೀಳೋದು ಕೊನೆಯ ಐಟಂ ಮಾಡುವ ಮಕ್ಕಳ ಮೇಲೆ. ಆದ್ದರಿಂದ ಎಳೆದರೆ ಉದ್ದ ಆಗುವ, ಬೇಕಾದಾಗ ಮೊಟಕು ಮಾಡಬಹುದಾದ ನಿರೂಪಣೆ ಬರೆಯಬೇಕು.

ಇನ್ನು ಬರೆಯುವ ರೀತಿ. ಉದ್ದ ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಬೇಡಿ. ಪೋಸ್ಟ್ ಕಾರ್ಡ್ ಅಳತೆಯ ರಟ್ಟಿನ ತುಂಡು ತಗೊಳ್ಳಿ, ಒಂದು ಐಟಂಗೆ ಒಂದು ಕಾರ್ಡ್. ಆ ಕಾರ್ಡ್ ಮುಂದೆ ಬರುವ ಐಟಂಗೆ ಸೇರಿದ್ದು. "ಕೋಲಾಟ ನೋಡಿದಿರಿ, ಈಗ ಅದೇ ಕೋಲು ಬಿಟ್ಟು ಹಾಡಿಗೆ ಬನ್ನಿ" ಅಂತ ಎರಡು ಐಟಂಗಳನ್ನು ಗಂಟು ಹಾಕಿ ಬರೆದರೆ ಕಷ್ಟ. ಒಬ್ಬ ಹುಡುಗನ ಗೆಜ್ಜೆ ಸಿಗಲಿಲ್ಲ ಅಂತ ಕೋಲಾಟ ಹಿಂದೆ ಹೋದರೆ ಆ ಸಾಲೇ ಸುಳ್ಳಾಗುತ್ತದೆ. ಕಾರ್ಡ್ ಬಿಡಿಬಿಡಿಯಾಗಿದ್ದರೆ ಕ್ರಮ ಬದಲಾದಾಗ ಕಾರ್ಡನ್ನೂ ಮೇಲೆ ಕೆಳಗೆ ಮಾಡಿದರೆ ಆಯ್ತು.

ಪ್ರತಿ ಕಾರ್ಡಿನ ಮೇಲ್ಭಾಗದಲ್ಲಿ ಒಂದು ಸಾಲು ಖಾಲಿ ಬಿಡಿ. ಅದು ಈಗಷ್ಟೇ ಮುಗಿದ ಐಟಂ ಬಗ್ಗೆ ನಿರೂಪಕರು ಆಗಲೇ ಹೇಳಬೇಕಾದ ಮಾತು. "ತುಂಬಾ ಚೆನ್ನಾಗಿತ್ತು, ಅದ್ಭುತವಾಗಿತ್ತು" ಅಂತ ಮೊದಲೇ ಬರೆದಿಟ್ಟರೆ ಏಳು ಸಲವೂ ಅದೇ ಬರುತ್ತದೆ. ಬದಲಿಗೆ ಮಕ್ಕಳಿಗೆ ಹೀಗೆ ಹೇಳಿ: ಐಟಂ ನಡೆಯುವಾಗ ಕಾರ್ಡ್ ಓದುತ್ತಾ ಕೂರಬೇಡಿ, ವೇದಿಕೆ ನೋಡಿ, ಕಣ್ಣಿಗೆ ಬಿದ್ದ ಒಂದು ಸಂಗತಿ ಹೇಳಿ. "ಬದನೆಕಾಯಿ ಕಿರೀಟ ಜಾರಿದರೂ ಒಂದು ಹೆಜ್ಜೆಯೂ ತಪ್ಪಲಿಲ್ಲ, ನೋಡಿದ್ರಾ?" ಇಂಥ ಒಂದು ಮಾತು ಕೇಳಿದ ಅಪ್ಪ ಅಮ್ಮ ಅದನ್ನು ವರ್ಷಗಟ್ಟಲೆ ಮರೆಯೋದಿಲ್ಲ. ನಡುಭಾಗದಲ್ಲಿ ಜೋಕ್ ಅಥವಾ ಆಟ. ಕೆಳಗೆ, ದೊಡ್ಡ ಅಕ್ಷರದಲ್ಲಿ, ತರಗತಿ ಮತ್ತು ಐಟಂ ಹೆಸರು. ಐಟಂ ಹೆಸರೇ ಕೊನೆಯ ಪದ. ಆ ಪದ ಕೇಳಿದ ಕೂಡಲೇ ಸೌಂಡ್ ನೋಡಿಕೊಳ್ಳುವವರು ಹಾಡು ಹಾಕಬೇಕು. ಹೆಸರು ಹೇಳಿದ ಮೇಲೆ ಮತ್ತೆ "ಬನ್ನಿ, ನೋಡೋಣ, ಆನಂದಿಸೋಣ" ಅಂತ ಬಾಲ ಬೆಳೆಸಿದರೆ ಹಾಡಿನ ಮೊದಲ ಸಾಲು ಮಾತಿನ ಕೆಳಗೆ ಮುಚ್ಚಿಹೋಗುತ್ತದೆ, ಮಕ್ಕಳ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಈಗ ಜೋಕಿಗೆ ಬರೋಣ. ಕನ್ನಡದಲ್ಲಿ ಜೋಕ್ ಬರೆಯುವಾಗ ಒಂದು ತೊಡಕಿದೆ, ಅದನ್ನು ಹೆಚ್ಚಿನವರು ಗಮನಿಸೋದಿಲ್ಲ. ನಮ್ಮ ವಾಕ್ಯದ ಕೊನೆಗೆ ಕ್ರಿಯಾಪದ ಬರುತ್ತದೆ. ಯಾರೋ ಏನೋ ಹೇಳಿದ್ದನ್ನು ನಾವು ಹೇಳುವಾಗ "ಅಂತ ಹೇಳಿದನಂತೆ" ಅಂತ ಮುಗಿಸುತ್ತೇವೆ. ನಗು ಬರಿಸುವ ಪದ ವಾಕ್ಯದ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಜನ ನಗೋಕೆ ಬಾಯಿ ತೆರೆಯುವ ಹೊತ್ತಿಗೆ ಮೈಕಿನಿಂದ ಇನ್ನೂ ಮಾತು ಬರುತ್ತಿರುತ್ತದೆ, ಅವರು ತಡೆದುಕೊಳ್ಳುತ್ತಾರೆ. ತಡೆದ ನಗು ಮತ್ತೆ ಬರೋದಿಲ್ಲ. ಮೊಬೈಲಲ್ಲಿ ಓದುವಾಗ ಇದು ಗೊತ್ತಾಗೋದಿಲ್ಲ, ಕಣ್ಣು ಮುಂದೆ ಓಡಿಬಿಡುತ್ತದೆ. ಕಿವಿಗೆ ಗೊತ್ತಾಗುತ್ತದೆ. ನಿಮ್ಮ ಹೋದ ವರ್ಷದ ಜೋಕುಗಳು ಬಿದ್ದುಹೋಗಲು ಇದೂ ಒಂದು ಕಾರಣ ಇರಬಹುದು.

ಕೋಲಾಟದ ಕಾರ್ಡನ್ನೇ ಉದಾಹರಣೆಗೆ ತಗೊಳ್ಳಿ. ಮೊದಲು ಬರೆದಾಗ ಹೀಗಿತ್ತು ಅಂದುಕೊಳ್ಳಿ:

"ಒಬ್ಬ ಹುಡುಗ ಕೋಲಾಟಕ್ಕೆ ಅಂತ ಅಮ್ಮನ ಮುದ್ದೆ ಕೋಲು ತಗೊಂಡು ಬಂದಿದ್ದರಿಂದ ಅವರ ಮನೆಯಲ್ಲಿ ಆವತ್ತು ಮುದ್ದೆ ಇಲ್ಲದೆ ಎಲ್ಲರೂ ಅನ್ನ ತಿನ್ನಬೇಕಾಯಿತು ಅಂತ ಅವನ ತಂಗಿ ಹೇಳಿದಳು."

ವಿಷಯ ಚೆನ್ನಾಗಿದೆ. ತುಮಕೂರು ಕಡೆ ಮುದ್ದೆ ಕೋಲು ಕಾಣದ ಮನೆ ಇಲ್ಲ, ಹಾಗಾಗಿ ಎಲ್ಲರ ಕಣ್ಣಿಗೂ ಕಟ್ಟುತ್ತದೆ. ಆದರೆ ಎಲ್ಲವೂ ಒಂದೇ ಉಸಿರಲ್ಲಿ ಹೋಯ್ತು, ಕೊನೆಗೆ ಉಳಿದದ್ದು "ತಂಗಿ ಹೇಳಿದಳು". ಇದನ್ನೇ ಇಬ್ಬರು ನಿರೂಪಕರಿಗೆ ಹಂಚಿ, "ಒಬ್ಬ ಹುಡುಗ" ಅನ್ನೋದನ್ನು ಬಿಟ್ಟು ನಿರೂಪಕನ ಸ್ವಂತ ಕಥೆ ಮಾಡಿ:

ಹುಡುಗ: ನಾನೂ ಕೋಲಾಟಕ್ಕೆ ಹೆಸರು ಕೊಟ್ಟಿದ್ದೆ.
ಹುಡುಗಿ: ಹೌದಾ? ಮತ್ತೆ ಯಾಕೆ ಬಿಟ್ಟೆ?
ಹುಡುಗ: ಮನೆಯಿಂದ ಕೋಲು ತಗೊಂಡು ಬನ್ನಿ ಅಂದ್ರು. ಅಮ್ಮನ ಮುದ್ದೆ ಕೋಲು ತಂದುಬಿಟ್ಟೆ.
ಹುಡುಗಿ: ಅಯ್ಯೋ! ಆಮೇಲೆ ಮನೇಲಿ ಏನಾಯ್ತು?
ಹುಡುಗ: ಮೂರು ದಿನ… ಬರೀ ಅನ್ನ!
(ನಗು ಇಳಿಯುವವರೆಗೆ ತಡೆ.)
ಹುಡುಗಿ: ಇವರು ಮಾತ್ರ ಸರಿಯಾದ ಕೋಲನ್ನೇ ತಂದಿದ್ದಾರೆ. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಂದ, ಕೋಲಾಟ.

ಇಬ್ಬರಿಗೆ ಹಂಚಿದ ಕೂಡಲೇ "ಅಂತ ಹೇಳಿದ" ತಾನಾಗೇ ಬಿದ್ದುಹೋಯ್ತು. ನಗುವಿನ ಪದ "ಅನ್ನ", ಅದರ ನಂತರ ಏನೂ ಇಲ್ಲ. ಹುಡುಗಿಯ ಕೆಲಸ ಬರೀ ಪ್ರಶ್ನೆ ಕೇಳೋದು ಅಂತ ಅಂದುಕೊಳ್ಳಬೇಡಿ. "ಆಮೇಲೆ ಮನೇಲಿ ಏನಾಯ್ತು?" ಅನ್ನುವ ಅವಳ ಮಾತೇ ಸಭೆಯ ಕುತೂಹಲ. ಅದನ್ನು ನಿಜವಾಗಿ ಗಾಬರಿಯಾದ ಹಾಗೆ ಕೇಳಿದರೆ ಮಾತ್ರ "ಅನ್ನ"ಕ್ಕೆ ನಗು ಬರುತ್ತದೆ. ಮುಂದಿನ ಕಾರ್ಡಿನಲ್ಲಿ ಪಾತ್ರ ಬದಲಿಸಿ, ಅವಳು ನಗಿಸಲಿ, ಅವನು ಕೇಳಲಿ. ಯಾವಾಗಲೂ ಹುಡುಗ ಜಾಣ, ಹುಡುಗಿ ಪೆದ್ದಿ ಅನ್ನೋ ಹಾಗೆ, ಅಥವಾ ಅದು ತಿರುಗಿ, ಕಾಣಿಸಬಾರದು.

ಕೋಲಾಟ ಅಂದ ಕೂಡಲೇ ಇನ್ನೊಂದು ಜೋಕ್ ಎಲ್ಲರಿಗೂ ಹೊಳೆಯುತ್ತದೆ, ಮೇಷ್ಟ್ರ ಕೈಯ ಕೋಲು. ಜನ ನಗುತ್ತಾರೆ ಕೂಡ. ದಯವಿಟ್ಟು ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಅದೇ ಶಾಲೆಯ ವೇದಿಕೆಯ ಮೇಲೆ ಮಕ್ಕಳ ಬಾಯಿಂದಲೇ ಹೊಡೆತವನ್ನು ತಮಾಷೆ ಮಾಡಿಸೋದು ನನಗೆ ಸರಿ ಕಾಣೋದಿಲ್ಲ. ಇದೇ ಸಾಲಿಗೆ ಸೇರಿದ್ದು ಬಣ್ಣ, ದಪ್ಪ, ಕುಳ್ಳ, ತೊದಲು, ಮಾರ್ಕ್ಸ್, ಮನೆಯ ಬಡತನ, ಇನ್ನೊಂದು ಕಡೆಯವರ ಮಾತಿನ ಧಾಟಿ. ಗಂಡ ಹೆಂಡತಿ ಜೋಕುಗಳನ್ನು ಮಕ್ಕಳ ಕೈಲಿ ಹೇಳಿಸೋದಂತೂ ಬೇಡವೇ ಬೇಡ. ನಾನು ಇಟ್ಟುಕೊಂಡಿರುವ ಪರೀಕ್ಷೆ ಸುಲಭ: ಈ ಜೋಕಿನಲ್ಲಿ ಪೆಚ್ಚಾಗುವವರು ಯಾರು? ನಿರೂಪಕರೇ ಆದರೆ ಸರಿ. ಮೈಕ್, ಟಿಫಿನ್ ಬಾಕ್ಸ್, ಹೋಂವರ್ಕ್, ಅಲಾರಾಂ ಆದರೆ ಸರಿ. ವೇದಿಕೆ ಮೇಲೆ ಬರುವ ಮಗು ಅಥವಾ ಕೆಳಗೆ ಕೂತ ಯಾರಾದರೂ ಒಬ್ಬರು ಆದರೆ ಕಾರ್ಡ್ ಹರಿದುಹಾಕಿ. ನಿರೂಪಕ ತನ್ನ ಮೇಲೆ ಹೇಳಿಕೊಳ್ಳುವ ಜೋಕನ್ನೂ ಆ ಮಗುವಿಗೆ ಮೊದಲು ತೋರಿಸಿ, ಒಪ್ಪಿಗೆಯಾದರೆ ಮಾತ್ರ ಇಡಿ. ನಿಜವಾಗಿಯೂ ಮಾರ್ಕ್ಸ್ ಕಡಿಮೆ ಬರುವ ಹುಡುಗನ ಬಾಯಲ್ಲಿ ಮಾರ್ಕ್ಸ್ ಜೋಕ್ ಇಟ್ಟರೆ ಅದು ಜೋಕ್ ಆಗಿ ಉಳಿಯೋದಿಲ್ಲ.

ಮೊದಲ ಕಾರ್ಡ್ ತರಕಾರಿ ನೃತ್ಯದ್ದು. ಇದು ಚಿಕ್ಕದಾಗಿರಲಿ. ಸಭೆ ಇನ್ನೂ ಭಾಷಣದ ಗುಂಗಿನಲ್ಲಿರುತ್ತದೆ, ಪುಟ್ಟ ಮಕ್ಕಳು ವೇದಿಕೆ ಪಕ್ಕದ ವಿಂಗ್‌ನಲ್ಲಿ ಕಾಯುತ್ತಾ ಇರುತ್ತಾರೆ, ಅವರನ್ನು ಜಾಸ್ತಿ ಹೊತ್ತು ನಿಲ್ಲಿಸಿದರೆ ಒಬ್ಬರಾದರೂ ಅಳೋಕೆ ಶುರು ಮಾಡುತ್ತಾರೆ.

ಹುಡುಗಿ: ನಂಗೆ ತರಕಾರಿ ಅಂದ್ರೆ ಪ್ರಾಣ!
ಹುಡುಗ: ತಿನ್ನೋಕಾ?
ಹುಡುಗಿ: ನೋಡೋಕೆ!
ಹುಡುಗ: ಹಾಗಾದ್ರೆ ಕಣ್ತುಂಬಾ ನೋಡು. ಒಂದು ಮತ್ತು ಎರಡನೇ ತರಗತಿಯ ಪುಟಾಣಿಗಳಿಂದ, ತರಕಾರಿ ಸಂತೆ.

ಇಷ್ಟೇ. "ನೋಡೋಕೆ" ಅನ್ನುವ ಪದ ನಗಿಸುತ್ತದೆ, ಅದೇ ಪದ ಐಟಂಗೂ ಬಾಗಿಲು ತೆರೆಯುತ್ತದೆ. ಜೋಕ್ ಎಲ್ಲಿಂದಲೋ ಬಂದು ಐಟಂ ಇನ್ನೆಲ್ಲೋ ಇದ್ದರೆ "ಇರಲಿ, ಈಗ ಕಾರ್ಯಕ್ರಮಕ್ಕೆ ಬರೋಣ" ಅನ್ನಬೇಕಾಗುತ್ತದೆ. ನಿಮ್ಮ ಸ್ಕ್ರಿಪ್ಟಿನಲ್ಲಿ "ಇರಲಿ" ಅನ್ನುವ ಪದ ಎಲ್ಲಿ ಕಂಡರೂ ಅಲ್ಲಿ ಜೋಡಣೆ ಬಿಟ್ಟುಹೋಗಿದೆ ಅಂತ ತಿಳಿಯಿರಿ.

ಮೂರನೇದು ಸಮೂಹ ಗಾಯನ. ಇಲ್ಲಿ ಎರಡು ನಿಮಿಷ ತುಂಬಬೇಕು, ಅದು ಒಂದೂವರೆಯೂ ಆಗಬಹುದು, ಮೂರೂ ಆಗಬಹುದು. ಇಂಥ ಕಡೆ ಜೋಕ್ ಮೇಲೆ ಜೋಕ್ ಪೇರಿಸಬೇಡಿ. ಸಭೆಗೆ ಕೆಲಸ ಕೊಡಿ. ನಮ್ಮಲ್ಲಿ ನಾಲಿಗೆ ತೊಡರಿಸುವ ಸಾಲುಗಳಿಗೆ ಬರವಿಲ್ಲ. "ತರಿಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು" ಅನ್ನೋದು ಎಲ್ಲರಿಗೂ ಗೊತ್ತು. ಗೊತ್ತಿರೋದೇ ಅನುಕೂಲ, ಕಲಿಸುವ ಹೊತ್ತು ಉಳಿಯುತ್ತದೆ. ಮೊದಲು ನಿರೂಪಕರು ನಿಧಾನಕ್ಕೆ ಒಮ್ಮೆ ಹೇಳಲಿ. ಆಮೇಲೆ ಎಡಗಡೆ ಕೂತವರು ಒಟ್ಟಿಗೆ, ಆಮೇಲೆ ಬಲಗಡೆಯವರು, ಆಮೇಲೆ ಜೋರಾಗಿ ಮೂರು ಸಲ ಬೇಗ ಬೇಗ. ನಡುವೆ ಹುಡುಗ ಬೇಕಂತಲೇ ಎಡವಲಿ, "ಕರಿ ಕುರಿ ಮರಿ… ಮರಿ ಕರಿ…" ಅಂತ. ಹುಡುಗಿ "ಕುರಿಗಳೇ ಕನ್‌ಫ್ಯೂಸ್ ಆಗ್ತಿವೆ, ಬಿಡೋ!" ಅನ್ನಲಿ. ಸಭೆಯಿಂದ ಒಬ್ಬರನ್ನು ಮಾತ್ರ ಎಬ್ಬಿಸಿ ಹೇಳಿಸಬೇಡಿ. ಸಾವಿರ ಕಣ್ಣು ಮುಂದೆ ನಾಲಿಗೆ ತೊಡರೋದು ಕೆಲವರಿಗೆ ತಮಾಷೆ, ಕೆಲವರಿಗೆ ಸಂಕಟ. ಗುಂಪಾಗಿ ಹೇಳಿದರೆ ಯಾರು ತಪ್ಪಿದರು ಅಂತ ಯಾರಿಗೂ ಗೊತ್ತಾಗೋದಿಲ್ಲ, ಎಲ್ಲರೂ ನಗುತ್ತಾರೆ.

ಇದನ್ನು ಎಷ್ಟು ಸುತ್ತು ಬೇಕಾದರೂ ಎಳೆಯಬಹುದು, ಯಾವ ಸುತ್ತಿಗಾದರೂ ನಿಲ್ಲಿಸಬಹುದು. ಹಾರ್ಮೋನಿಯಂ ಸಿದ್ಧವಾದ ಕೂಡಲೇ ವಿಂಗ್‌ನಲ್ಲಿರುವ ಶಿಕ್ಷಕರು ಸಣ್ಣ ಟಾರ್ಚ್ ಒಮ್ಮೆ ಹೊಳೆಯಿಸಲಿ. ಅದು ಕಂಡರೆ ಆ ಸುತ್ತು ಮುಗಿಸಿ ನೇರವಾಗಿ: "ಈಗ ನಾಲಿಗೆ ಒಂಚೂರೂ ತೊಡರದೆ ಹಾಡೋರು ಬಂದಿದ್ದಾರೆ. ಆರನೇ ತರಗತಿಯ ಮಕ್ಕಳಿಂದ, ಭಾವಗೀತೆ." ಸನ್ನೆಗೆ ಕೈ ಬೀಸೋದಕ್ಕಿಂತ ಟಾರ್ಚ್ ಒಳ್ಳೆಯದು, ವೇದಿಕೆಯ ಬೆಳಕಿನಲ್ಲಿ ನಿಂತ ಮಕ್ಕಳಿಗೆ ಕತ್ತಲಲ್ಲಿರುವ ಕೈ ಕಾಣೋದಿಲ್ಲ. ಆ ಒಬ್ಬ ಶಿಕ್ಷಕರಿಗೆ ಬೇರೆ ಯಾವ ಕೆಲಸವನ್ನೂ ಕೊಡಬೇಡಿ.

ಕಂಸಾಳೆಗೆ ನಾನು ಜೋಕ್ ಬರೆಯೋದಿಲ್ಲ. ಅದು ಮಲೆ ಮಹದೇಶ್ವರನ ಭಕ್ತರ ಕಲೆ, ದೀಕ್ಷೆ ಪಡೆದ ದೇವರಗುಡ್ಡರು ಹಾಡಿ ಕುಣಿಯುತ್ತಾ ಬಂದದ್ದು. ಸಭೆಯಲ್ಲಿ ಬೆಟ್ಟಕ್ಕೆ ನಡೆದು ಹೋಗಿ ಬಂದವರೂ ಇರುತ್ತಾರೆ. ಇಲ್ಲಿ ನಗುವಿನ ಬದಲು ಕಣ್ಣಿಗೆ ಒಂದು ಕೆಲಸ ಕೊಡಿ. "ಮಕ್ಕಳ ಕೈ ನೋಡ್ತಾ ಇರಿ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಇನ್ನೊಂದು ತಾಳ. ಅದನ್ನು ಬೀಸಿ ಬೀಸಿ, ಪಕ್ಕದವರ ತಾಳಕ್ಕೂ ತಾಗಿಸ್ತಾರೆ, ಲಯ ಮಾತ್ರ ತಪ್ಪೋದಿಲ್ಲ. ಏಳು ಮತ್ತು ಎಂಟನೇ ತರಗತಿಯ ಮಕ್ಕಳಿಂದ, ಬೀಸು ಕಂಸಾಳೆ." ಹೀಗೆ ಹೇಳಿದರೆ ಜನ ಎಲ್ಲಿ ನೋಡಬೇಕೋ ಅಲ್ಲಿ ನೋಡುತ್ತಾರೆ. ನೃತ್ಯದಲ್ಲಿ ಅತ್ಯಂತ ಕಷ್ಟದ ಭಾಗ ಯಾವುದು ಅಂತ ಕಲಿಸಿದ ಮೇಷ್ಟ್ರನ್ನು ಕೇಳಿ, ಅದನ್ನೇ ಒಂದು ಸಾಲು ಮಾಡಿ. ವೇಷ ಕಟ್ಟೋದು ತಡವಾದರೆ? ಆಗ ಚಪ್ಪಾಳೆಯಲ್ಲಿ ತಾಳ ಹಾಕಿಸಿ: ನಿರೂಪಕರು ಒಂದು ಲಯ ತಟ್ಟೋದು, ಸಭೆ ಅದನ್ನೇ ವಾಪಸ್ ತಟ್ಟೋದು, ಸ್ವಲ್ಪ ಸ್ವಲ್ಪ ಕಷ್ಟ ಮಾಡ್ತಾ ಹೋಗೋದು. ಕಂಸಾಳೆಗೆ ಕಿವಿಯೂ ಸಿದ್ಧವಾಗುತ್ತದೆ.

ಕಿರುನಾಟಕಕ್ಕೆ ಮೊದಲು ಬರುವ ಬಿಡುವು ದೊಡ್ಡದು. ಇಲ್ಲಿ ಒಗಟು ಇಡಿ. ಎರಡು ಬೇಕು, ಮೂರನೆಯದು ಕೈಯಲ್ಲಿ ಇರಲಿ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂದರೆ ಮಲ್ಲಿಗೆ ಹೂ. ಅಜ್ಜಿಯರು ಕೂಗಿ ಹೇಳುತ್ತಾರೆ, ಹೇಳಲಿ. ಉತ್ತರ ಬಂದ ಕೂಡಲೇ ಮುಗಿಸಬೇಡಿ, ಹುಡುಗ ತಪ್ಪು ಉತ್ತರ ಕೊಡಲಿ:

ಹುಡುಗಿ: ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ. ಏನದು?
ಹುಡುಗ: ಗೊತ್ತು ಗೊತ್ತು! ನಮ್ಮ ತಮ್ಮನ ಟಿಫಿನ್ ಬಾಕ್ಸ್!

ಕೊನೆಗೆ ಇಡಬೇಕಾದ ಒಗಟು ಇದು: "ನೀಲಿ ಕೆರೇಲಿ ಬಿಳಿ ಮೀನು." ಉತ್ತರ ನಕ್ಷತ್ರ. ಸಭೆ ಉತ್ತರ ಹೇಳಿದ ಮೇಲೆ ಹುಡುಗಿ ಧ್ವನಿ ಸ್ವಲ್ಪ ಇಳಿಸಿ, "ಮೇಲಿನ ಕೆರೆ ತುಂಬಿದೆ. ನಮ್ಮೂರ ಕೆರೆ?" ಅಂತ ಕೇಳಿ ಒಂದು ಕ್ಷಣ ಬಿಡಲಿ. ಹುಡುಗ ನಾಟಕದ ಹೆಸರು ಹೇಳಲಿ, ಪರದೆ ತೆರೆಯಲಿ. ನಗುತ್ತಿದ್ದ ಸಭೆಯನ್ನು ಗಂಭೀರ ನಾಟಕಕ್ಕೆ ಕರೆದುಕೊಂಡು ಹೋಗಲು ಇಂಥ ಒಂದು ಮೆಟ್ಟಿಲು ಬೇಕು. ಕೆರೆಗೆ ಏನಾಗುತ್ತದೆ, ಊರವರು ಕೊನೆಗೆ ಏನು ಮಾಡುತ್ತಾರೆ ಅಂತ ಮಾತ್ರ ಹೇಳಿಬಿಡಬೇಡಿ. ನಿರೂಪಕರು ಕಥೆಯ ಸಾರಾಂಶ ಹೇಳಿ ನಾಟಕದ ಗಾಳಿ ತೆಗೆಯೋದನ್ನು ಬಹಳ ಕಡೆ ನೋಡಿದ್ದೇನೆ.

ನಾಟಕ ಮುಗಿದ ಮೇಲಿನ ಮೊದಲ ನಿಮಿಷ ಇಡೀ ರಾತ್ರಿಯಲ್ಲೇ ಸೂಕ್ಷ್ಮವಾದದ್ದು. ಮುಂದೆ ಯೋಗ ಇದೆ. ಯೋಗ ಅಂದ ಕೂಡಲೇ ಬರುವ ಜೋಕ್ ಯಾವುದು ಗೊತ್ತಾ? "ನಾನೂ ದಿನಾ ಒಂದು ಆಸನ ಮಾಡ್ತೀನಿ, ಅಮ್ಮ ಬೈದು ಎಬ್ಬಿಸೋವರೆಗೂ ಶವಾಸನ." ಬೇರೆ ಕಡೆ ಇದಕ್ಕೆ ಅಡ್ಡಿಯಿಲ್ಲ. ಆದರೆ ನಿಮ್ಮ ನಾಟಕದ ಕೊನೆಯಲ್ಲಿ ಕೆರೆ ಕಾಯುತ್ತಿದ್ದ ಅಜ್ಜ ಸತ್ತರೆ? ಜನ ಕಣ್ಣೊರೆಸಿಕೊಳ್ಳುವಾಗ ಮೈಕಿನಲ್ಲಿ "ಶವಾಸನ" ಅಂತ ಕೇಳಿಸುತ್ತದೆ. ಇಂಥದ್ದೇ ಒಂದು ಎಡವಟ್ಟನ್ನು ನಾನು ಸಭೆಯಲ್ಲಿ ಕೂತು ಕಂಡಿದ್ದೇನೆ. ಆ ಸ್ಕ್ರಿಪ್ಟ್ ಬರೆದವರಿಗೆ ನಾಟಕದ ಹೆಸರು ಗೊತ್ತಿತ್ತು, ಕೊನೆ ಗೊತ್ತಿರಲಿಲ್ಲ. ಅದಕ್ಕೇ ನಾನು ಹೇಳೋದು, ಐಟಂಗಳ ಪಟ್ಟಿ ನೋಡಿ ಬರೆಯಬೇಡಿ, ರಿಹರ್ಸಲ್ ಪೂರ್ತಿ ನೋಡಿ ಬರೆಯಿರಿ.

ಅಲ್ಲಿ ಏನು ಮಾಡಬೇಕು? ನಾಟಕ ಮುಗಿದು ಚಪ್ಪಾಳೆ ನಿಂತ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿ. ಒಬ್ಬರೇ ಮುಂದೆ ಬಂದು, ನಾಟಕದ ಮಕ್ಕಳ ಪರವಾಗಿ ಒಂದು ವಾಕ್ಯ ಮಾತ್ರ ಹೇಳಲಿ. ಆಮೇಲೆ ಚಾಪೆ ಹಾಸುವಾಗ ಜೋಕಿನ ಬದಲು ಸಭೆಗೆ ನಿಜವಾಗಿ ಬೇಕಾದ ಸೂಚನೆ ಕೊಡಿ: "ಈಗ ಮಕ್ಕಳು ಒಬ್ಬರ ಮೇಲೊಬ್ಬರು ನಿಲ್ತಾರೆ. ಎಲ್ಲರೂ ಕೆಳಗೆ ಇಳಿದು ನಿಲ್ಲೋವರೆಗೂ ದಯವಿಟ್ಟು ಶಿಳ್ಳೆ, ಚಪ್ಪಾಳೆ ಬೇಡ. ಮಕ್ಕಳ ಹೆಸರು ಹಿಡಿದು ಕೂಗಬೇಡಿ. ಕೂಗಿದ್ರೆ ತಿರುಗಿ ನೋಡ್ತಾರೆ." ಪಿರಮಿಡ್ ನಡೆಯುವಾಗ ಹೆಸರು ಕೇಳಿ ತಿರುಗಿದ ಮಗು ಜೋಲಿ ತಪ್ಪಬಹುದು. ಇದು ಹೆದರಿಸುವ ಧಾಟಿಯಲ್ಲಿ ಬೇಡ, ಬೇಡಿಕೊಳ್ಳುವ ಧಾಟಿಯಲ್ಲಿರಲಿ. ಇನ್ನೂ ಸಮಯ ಉಳಿದರೆ ಹುಡುಗ, "ಹಾಗಾದ್ರೆ ಚಪ್ಪಾಳೆ ಎಲ್ಲಿ ಇಟ್ಟುಕೊಳ್ಳೋದು?" ಅನ್ನಲಿ, ಹುಡುಗಿ "ಜೇಬಲ್ಲಿ! ಕೊನೆಗೆ ಒಟ್ಟಿಗೇ ತೆಗೀರಿ" ಅನ್ನಲಿ. ಸಣ್ಣ ನಗು ಬರುತ್ತದೆ, ಸೂಚನೆಯೂ ನೆನಪಿರುತ್ತದೆ.

ಈಗ ಮಕ್ಕಳನ್ನು ತಯಾರು ಮಾಡೋದು. ಮಕ್ಕಳು ಜೋಕನ್ನು ಕೆಡಿಸೋದು ಒಂದೇ ರೀತಿಯಲ್ಲಿ, ನಗು ಬರುವಾಗಲೇ ಮುಂದಿನ ಸಾಲು ಹೇಳಿಬಿಡುತ್ತಾರೆ. ಮನೆಯಲ್ಲಿ, ಸ್ಟಾಫ್ ರೂಮಿನಲ್ಲಿ ಅಭ್ಯಾಸ ಮಾಡುವಾಗ ಯಾರೂ ನಗೋದಿಲ್ಲ, ಹಾಗಾಗಿ ತಡೆಯುವ ಅಭ್ಯಾಸವೇ ಆಗಿರೋದಿಲ್ಲ. ಅಭ್ಯಾಸಕ್ಕೆ ಬೇರೆ ತರಗತಿಯ ಮಕ್ಕಳನ್ನು ಕೂರಿಸಿ, ನಗುವಿನ ಪದ ಬಂದಾಗ ಜೋರಾಗಿ ಗಲಾಟೆ ಮಾಡಿಸಿ. ಗಲಾಟೆ ಅರ್ಧಕ್ಕೆ ಇಳಿದಾಗ ಮಾತು ಶುರು ಮಾಡೋದನ್ನು ಕಲಿಸಿ. ಪೂರ್ತಿ ನಿಲ್ಲುವವರೆಗೆ ಕಾದರೆ ಸಭೆ ತಣ್ಣಗಾಗುತ್ತದೆ. ಹಾಗೇ ನಗುವೇ ಬರದಿದ್ದಾಗ ಏನು ಮಾಡೋದು ಅಂತಲೂ ಅಭ್ಯಾಸ ಮಾಡಿಸಿ: ಏನೂ ಆಗದ ಹಾಗೆ ಮುಂದಿನ ಸಾಲು. ಜೋಕನ್ನು ಬಿಡಿಸಿ ಹೇಳೋದು, "ನಗ್ರಪ್ಪಾ" ಅಂತ ಕೇಳೋದು, "ಜೋರಾಗಿ ಚಪ್ಪಾಳೆ" ಅಂತ ಪದೇ ಪದೇ ಕಾಡೋದು, ಮೂರೂ ಬೇಡ. ನಮ್ಮ ಕಾರ್ಡುಗಳಲ್ಲಿ ಜೋಕ್ ಆದ ಮೇಲಿನ ಸಾಲು ನೇರ ಐಟಂಗೆ ಹೋಗುವುದರಿಂದ, ನಗು ಬರದಿದ್ದರೂ ಜೋಡಣೆ ಕಳಚೋದಿಲ್ಲ.

ಕಾರ್ಡ್ ನೋಡಿದರೆ ತಪ್ಪೇನಿಲ್ಲ, ಆದರೆ ನಗುವಿನ ಪದ ಹೇಳುವಾಗ ಮಾತ್ರ ಕಣ್ಣು ಸಭೆಯ ಮೇಲಿರಬೇಕು. ಮಕ್ಕಳ ಮನೆಮಾತಿನ ಧಾಟಿಯಲ್ಲೇ ಬರೆಯಿರಿ. "ಮನೇಲಿ" ಅನ್ನುವ ಹುಡುಗನ ಬಾಯಲ್ಲಿ "ಗೃಹದಲ್ಲಿ" ಇಟ್ಟರೆ ಅವನು ಬಾಯಿಪಾಠ ಒಪ್ಪಿಸುತ್ತಾನೆ. ಇದೇ ಸ್ಕ್ರಿಪ್ಟನ್ನು ಧಾರವಾಡದ ಕಡೆಯವರು ತಗೊಂಡರೆ ಮುದ್ದೆ ಕೋಲು ಹೋಗಿ ಲಟ್ಟಣಿಗೆ ಬರಬೇಕು, ಮಾತೂ ಅವರದ್ದಾಗಬೇಕು.

ಎರಡು ಹೆಚ್ಚುವರಿ ಕಾರ್ಡ್ ಜೇಬಿನಲ್ಲಿರಲಿ. ಒಂದು, ಹಾಡು ಬಾರದೆ ನಿಂತಾಗ. ಐಟಂ ಹೆಸರು ಹೇಳಿ ಆಗಿದೆ, ಮಕ್ಕಳು ಭಂಗಿಯಲ್ಲಿ ನಿಂತಿದ್ದಾರೆ, ಪೆನ್‌ಡ್ರೈವ್ ಓಡುತ್ತಿಲ್ಲ. ಆಗ:

ಹುಡುಗಿ: ಮಕ್ಕಳು ರೆಡಿ, ನಾವೂ ರೆಡಿ. ಹಾಡು ಎಲ್ಲಿ?
ಹುಡುಗ: ಒಳಗೇ ಇದೆ. ಅದಕ್ಕೂ ಸ್ಟೇಜ್ ಭಯ!

ಸೌಂಡ್‌ನವರ ಮೇಲೆ ತಪ್ಪು ಬೀಳಲಿಲ್ಲ, ಮಕ್ಕಳ ಮೇಲೂ ಬೀಳಲಿಲ್ಲ. ಹತ್ತು ಸೆಕೆಂಡಿನಲ್ಲಿ ಹಾಡು ಬರದಿದ್ದರೆ ಮಕ್ಕಳನ್ನು ಒಳಗೆ ಕರೆಸಿ, ಚಪ್ಪಾಳೆ ತಾಳದ ಆಟ ಶುರು ಮಾಡಿ. ಇನ್ನೊಂದು ಕಾರ್ಡ್ ಕರೆಂಟ್ ಹೋದಾಗಿನದು. ಮೈಕೂ ಸತ್ತಿರುತ್ತದೆ, ಹಾಗಾಗಿ ಅದರಲ್ಲಿ ಮಾತು ಕಡಿಮೆ ಇರಲಿ. ಎಲ್ಲರೂ ಕೂತಲ್ಲೇ ಕೂರಬೇಕು ಅಂತ ದೊಡ್ಡವರೊಬ್ಬರು ಕೂಗಿ ಹೇಳಲಿ, ಮಕ್ಕಳಿಂದ ಆ ಕೆಲಸ ಆಗೋದಿಲ್ಲ. ವೇದಿಕೆಯ ಮೇಲೆ ಮಗು ಅತ್ತರೆ, ಹೆಜ್ಜೆ ಮರೆತರೆ, ವೇಷ ಬಿಚ್ಚಿಹೋದರೆ ಅದಕ್ಕೆ ಕಾರ್ಡ್ ಇಲ್ಲ. ನಿರೂಪಕರು ಆ ಬಗ್ಗೆ ಒಂದಕ್ಷರವೂ ಆಡಬಾರದು. ಸಮಾಧಾನದ ಮಾತೂ ಬೇಡ, ಮೈಕಿನಲ್ಲಿ ಬಂದ ಸಮಾಧಾನ ಗಮನಿಸದವರಿಗೂ ತೋರಿಸಿಕೊಡುತ್ತದೆ.

ಕೊನೆಯದು ದೇಶಭಕ್ತಿ ನೃತ್ಯ. ಅದರ ಮೊದಲು ಜೋಕ್ ಬೇಡ, ಅದು ಮುಗಿದ ಮೇಲೂ ಬೇಡ, ಯಾಕೆಂದರೆ ಮುಂದೆ ರಾಷ್ಟ್ರಗೀತೆ ಇದೆ. ನಗಿಸಲೇಬೇಕು ಅಂತಿದ್ದರೆ ಪಿರಮಿಡ್ ಮುಗಿದ ಕೂಡಲೇ, ಚಾಪೆ ಸುತ್ತುವಾಗ, "ಜೇಬಲ್ಲಿ ಇಟ್ಟುಕೊಂಡ ಚಪ್ಪಾಳೆ ಈಗ ತೆಗೀರಿ" ಅನ್ನಿಸಿ. ಅಲ್ಲಿಗೆ ನಗುವಿನ ಕೆಲಸ ಮುಗಿಯಿತು. ಎಲ್ಲಕ್ಕಿಂತ ಕಡೆಯ ಕಾರ್ಡಿನಲ್ಲಿ ಒಂದು ಪ್ರಕಟಣೆ ಬರೆಯಿರಿ, ಅದನ್ನು ರಾಷ್ಟ್ರಗೀತೆಗೆ ಎದ್ದು ನಿಲ್ಲಲು ಕೇಳುವ ಮೊದಲೇ ಓದಿಸಿ. ರಾಷ್ಟ್ರಗೀತೆ ಮುಗಿದ ಕೂಡಲೇ ಪೋಷಕರೆಲ್ಲ ವೇದಿಕೆಯ ಹಿಂದೆ ನುಗ್ಗುತ್ತಾರೆ, ಆಮೇಲೆ ಮೈಕಿನ ಮಾತು ಯಾರ ಕಿವಿಗೂ ಬೀಳೋದಿಲ್ಲ. ಯಾವ ತರಗತಿಯ ಮಕ್ಕಳು ಯಾವ ಕೊಠಡಿಯಲ್ಲಿದ್ದಾರೆ, ತರಗತಿ ಶಿಕ್ಷಕರು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನಾಗಿ ಮನೆಯವರ ಕೈಗೆ ಒಪ್ಪಿಸುತ್ತಾರೆ, ದಯವಿಟ್ಟು ವೇದಿಕೆಯ ಹಿಂದೆ ಬರಬೇಡಿ ಅಂತ ಅದರಲ್ಲಿರಲಿ. ಹುಡುಗ ಒಮ್ಮೆ, ಹುಡುಗಿ ಒಮ್ಮೆ, ಎರಡು ಸಲ ಓದಿಸಿ.